ಶಿರಾಡಿ ಘಾಟಿ ಇಳಿಯುವ ಮುನ್ನ ಟೈರು

ಬೆಂಗಳೂರಿನಿಂದ ಮಂಗಳೂರಿಗೆ ಕಾರಿನಲ್ಲಿ ಹೊರಡುವವರು ಟೈರನ್ನು ಹಿಂದಿನ ದಿನ ಬೆಳಗ್ಗೆಯೇ ನೋಡಿಕೊಳ್ಳಬೇಕು. ದೋಷ ಕಂಡರೆ ಟೈರು ಬದಲಿಸಲು ಸಮಯ ಸಿಗುತ್ತದೆ.

ಗಾಳಿಯ ಒತ್ತಡವನ್ನು ಟೈರು ತಣ್ಣಗಿದ್ದಾಗಲೇ ಅಳೆಯಬೇಕು, ಅಂದರೆ ಕಾರು ಕನಿಷ್ಠ 3 ಗಂಟೆ ನಿಂತಿರಬೇಕು. ಓಡಿ ಬಿಸಿಯಾದ ಟೈರು 4-5 ಪಿಎಸ್‌ಐ ಹೆಚ್ಚು ತೋರಿಸಬಹುದು. ಅದನ್ನು ನಂಬಿ ಗಾಳಿ ಬಿಟ್ಟರೆ ಮರುದಿನ ಒತ್ತಡ ಕಡಿಮೆಯಾಗಿರುತ್ತದೆ. ಸರಿಯಾದ ಅಂಕಿ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಟೈರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬಾರದು. ಚೀಟಿಯಲ್ಲಿ ಇಬ್ಬರಿಗೆ 33, ಪೂರ್ಣ ಭಾರಕ್ಕೆ 36 ಎಂದಿದ್ದರೆ, ಐದು ಜನ ಮತ್ತು ಸಾಮಾನು ಇರುವಾಗ 36 ತುಂಬಿಸಿ.

ನನಗೆ ಹೆಚ್ಚು ಆತಂಕ ಟೈರಿನ ಪಕ್ಕೆಯದು. ಗುಂಡಿಗೆ ಬಡಿದಾಗ ಒಳಗಿನ ದಾರಗಳು ತುಂಡಾಗಿ ಅಲ್ಲಿ ಬುಗುಟು ಏಳುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಮುಂದಿನ ಟೈರುಗಳ ಪಕ್ಕೆಯನ್ನು ಕೈಯಿಂದ ಸವರಿ ನೋಡಿ. ಒಳಬದಿಗೆ ಟಾರ್ಚ್ ಬೇಕು. ಬುಗುಟಿಗೆ ಪ್ಯಾಚ್ ಇಲ್ಲ, ಆ ಟೈರು ಬದಲಾಗಲೇಬೇಕು.

ಸ್ಟೆಪ್ನಿಗೂ ಗಾಳಿ ನೋಡಿ. ಅದು ಸಣ್ಣ ಗಾತ್ರದ್ದಾದರೆ ಅದರ ಮೇಲೆ ಬರೆದ ವೇಗಮಿತಿ, ಹೆಚ್ಚಾಗಿ 80 ಕಿ.ಮೀ., ಮೀರುವಂತಿಲ್ಲ. ಜಾಕಿಯನ್ನು ಹಿಡಿಕೆಯೊಂದಿಗೆ ಹೊರತೆಗೆದು ತಿರುಗಿಸಿ ನೋಡಿ. ವೀಲ್ ಸ್ಪ್ಯಾನರ್‌ನಿಂದ ಪ್ರತಿ ಚಕ್ರದ ಒಂದೊಂದು ನಟ್ ಸಡಿಲಿಸಿ ಮತ್ತೆ ಬಿಗಿಮಾಡಿ. ಅಂಗಡಿಯ ಗಾಳಿಯಂತ್ರ ಅತಿಯಾಗಿ ಬಿಗಿದ ನಟ್ ಕೈಗೆ ಬಗ್ಗದಿದ್ದರೆ, ಊರಲ್ಲೇ ಸಡಿಲಿಸಿ ಹದವಾಗಿ ಬಿಗಿಸಿಕೊಳ್ಳಿ.