ಸ್ಟ್ರೈಟನರ್ ಎಳೆದಾಗ ಏಳುವ ಹೊಗೆ

ಜಯನಗರದ ಈ ಬ್ಯೂಟಿ ಪಾರ್ಲರ್ ಇರುವುದು ಎರಡನೇ ಮಹಡಿಯಲ್ಲಿ. ರಸ್ತೆಯ ಕಡೆಗೆ ಇಡೀ ಗೋಡೆಯೇ ಗಾಜು, ಆದರೆ ತೆರೆಯಲು ಕಿಟಕಿಯಿಲ್ಲ. ತಲೆಯ ಮೇಲೆ ಎ.ಸಿ. ಓಡುತ್ತಿದೆ. ಕೆರಾಟಿನ್ ಮಾಡಿಸುವವರಿಗೆ ಮೂಲೆಯ ಕುರ್ಚಿ.

ಅಲ್ಲಿ ಕೂತ ಹುಡುಗಿಯ ಕೂದಲನ್ನು ತೊಳೆದು ಒಣಗಿಸಿ, ಬ್ರಶ್‌ನಿಂದ ದ್ರವ ಸವರುತ್ತಿದ್ದಾರೆ. ಸವರುವ ಕೈ ಪಳಗಿದ್ದು, ಬುಡದಿಂದ ಒಂದು ಬೆರಳಷ್ಟು ಬಿಟ್ಟೇ ಹಚ್ಚುತ್ತದೆ. ನೆತ್ತಿಗೆ ತಾಗಿದರೆ ಆಗಲೇ ಉರಿಯಬಹುದು. ಅಲರ್ಜಿಯಾದರೆ ಮಾತ್ರ ಒಂದೆರಡು ದಿನ ಬಿಟ್ಟು, ಕಿವಿಯ ಹಿಂದೆ, ಕತ್ತಿನಲ್ಲಿ, ಕಣ್ಣರೆಪ್ಪೆಯ ಮೇಲೂ ತುರಿಕೆ ಶುರುವಾಗುತ್ತದೆ. ಹಾಗಾಗಿ ಎಷ್ಟೋ ಜನ ಅದನ್ನು ಪಾರ್ಲರಿಗೆ ತಾಳೆ ಹಾಕುವುದೇ ಇಲ್ಲ.

‘ಇದ್ರಲ್ಲಿ ಫಾರ್ಮಾಲಿನ್ ಇಲ್ಲ ಮೇಡಂ’ ಎಂದು ಬಾಟಲಿಯ ಮುಂಭಾಗ ತೋರಿಸಿದರು. ಹಿಂದೆ ತಿರುಗಿಸಿದೆ. ಸಣ್ಣ ಅಕ್ಷರದಲ್ಲಿ ‘ಮೆಥಿಲೀನ್ ಗ್ಲೈಕಾಲ್’ ಎಂದಿತ್ತು. ಫಾರ್ಮಾಲ್ಡಿಹೈಡ್ ಅನಿಲ ನೀರಿಗೆ ಸೇರಿದಾಗ ಆಗುವುದೇ ಇದು. ಬಿಸಿ ತಾಗಿದರೆ ಅನಿಲ ಮತ್ತೆ ಹೊರಬರುತ್ತದೆ. 2010ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಪಾರ್ಲರ್ ಕೆಲಸಗಾರರು ಕಣ್ಣುರಿ, ಉಸಿರಿನ ತೊಂದರೆ ಎಂದು ದೂರಿದಾಗ, ‘ಫಾರ್ಮಾಲ್ಡಿಹೈಡ್ ರಹಿತ’ ಎಂದು ಮಾರಾಟವಾಗುತ್ತಿದ್ದ ಬ್ರೆಜಿಲಿಯನ್ ಬ್ಲೋಔಟ್ ದ್ರವವನ್ನು ಪರೀಕ್ಷಿಸಿದರು. ಸರಾಸರಿ ಶೇ. 8ಕ್ಕೂ ಹೆಚ್ಚು ಫಾರ್ಮಾಲ್ಡಿಹೈಡ್ ಸಿಕ್ಕಿತು. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾಗಿರುವ ವಸ್ತು ಅದು.

ಈಗ ಬ್ಲೋ ಡ್ರೈ, ಆಮೇಲೆ 230 ಡಿಗ್ರಿಯ ಸ್ಟ್ರೈಟನರ್. ಒಂದೊಂದು ಎಳೆಗೂ ಬಿಳಿ ಹೊಗೆ. ನನ್ನ ಕಣ್ಣಲ್ಲಿ ನೀರು ಬಂತು. ಹುಡುಗಿ ವರ್ಷಕ್ಕೆ ಮೂರ್ನಾಲ್ಕು ಸಲ ಇಲ್ಲಿ ಕೂರುತ್ತಾಳೆ. ಸ್ಟ್ರೈಟನರ್ ಹಿಡಿದವರು ದಿನವೂ ಈ ಹೊಗೆಯಲ್ಲೇ ನಿಲ್ಲುತ್ತಾರೆ. ಅವರು ಕಟ್ಟಿಕೊಂಡ ಬಟ್ಟೆಯ ಮಾಸ್ಕ್ ಅನಿಲವನ್ನು ತಡೆಯುವುದಿಲ್ಲ. ಎ.ಸಿ. ಒಳಗಿನ ಗಾಳಿಯನ್ನೇ ತಂಪು ಮಾಡಿ ಮರಳಿ ಬಿಡುತ್ತದೆ. ಇಲ್ಲಿ ಬೇಕಿರುವುದು ಹೊರಕ್ಕೆ ಎಳೆಯುವ ಎಕ್ಸಾಸ್ಟ್ ಫ್ಯಾನ್.

ಶೆಲ್ಫಿನಲ್ಲಿ ಇನ್ನೊಂದು ಬಾಟಲಿ ಇದೆ, ಗ್ಲೈಆಕ್ಸಿಲಿಕ್ ಆಮ್ಲದ್ದು. ‘ಸೇಫ್’ ಎಂದು ಕೊಡುವುದು ಇದನ್ನೇ. 2024ರಲ್ಲಿ ಫ್ರಾನ್ಸಿನ ವೈದ್ಯರು ಒಬ್ಬ ಯುವತಿಯ ಪ್ರಕರಣ ಪ್ರಕಟಿಸಿದರು. ಈ ಆಮ್ಲವಿದ್ದ ಕ್ರೀಮಿನಿಂದ ಮೂರು ಸಲ ಕೂದಲು ನೇರ ಮಾಡಿಸಿದ್ದಳು, ಮೂರು ಸಲವೂ ನೆತ್ತಿ ಉರಿದು, ವಾಂತಿ, ಬೆನ್ನುನೋವು ಬಂದು ಮೂತ್ರಪಿಂಡ ಕೆಟ್ಟಿತ್ತು. ಇಲಿಗಳ ಚರ್ಮಕ್ಕೆ ಆ ಕ್ರೀಮು ಹಚ್ಚಿದಾಗ ಅವುಗಳ ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳುಗಳು ಕಂಡವು. ಇಂಥ ಪ್ರಕರಣಗಳು ಅಪರೂಪವೇ. ಆದರೂ ನೆತ್ತಿ ಉರಿದರೆ ತಡೆದುಕೊಂಡು ಕೂರಬಾರದು, ತಕ್ಷಣ ತೊಳೆಸಬೇಕು. ಗಾಯ, ತುರಿಕೆ ಇರುವಾಗ ಮಾಡಿಸಲೇಬಾರದು.

ಪದೇ ಪದೇ ನೇರ ಮಾಡಿಸುವವರಿಗೆ ನಾನು ಹೇಳುವುದು ಈ ಎರಡೂ ಬಾಟಲಿ ಬಿಟ್ಟು ಬ್ಲೋ ಡ್ರೈ ಸಾಕೆಂದು. ಸ್ಟ್ರೈಟನರ್ ಬೇಕೇ ಬೇಕೆಂದರೆ, ಕೂದಲು ಪೂರ್ತಿ ಒಣಗಿದ ಮೇಲೆ ಶಾಖ ತಡೆಯುವ ಸೀರಮ್ ಹಚ್ಚಿ, 180 ಡಿಗ್ರಿ ಮೀರದಂತೆ ಒಂದೇ ಸಲ ಎಳೆಯುವುದು. ತಲೆ ತೊಳೆದರೆ ಗುಂಗುರು ವಾಪಸ್ ಬರುತ್ತದೆ, ನಿಜ. ತಿಂಗಳುಗಟ್ಟಲೆ ನಿಲ್ಲುವ ನುಣುಪು ಇದರಲ್ಲಿ ಸಿಗುವುದಿಲ್ಲ.