ಗುರುತಿಲ್ಲದವರ ನಡುವಿನ ಹೊಣೆ

1938ರ ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಕಾಲಿಂಟನ್ ರಸ್ತೆಯಲ್ಲಿ ಒಂದು ಟ್ರಾಮ್ ನಿಂತಿತು. ಮೀನು ಮಾರುವ ಹೆಂಗಸೊಬ್ಬರು ಕೆಳಗಿಳಿದರು. ಎಂಟು ತಿಂಗಳ ಬಸುರಿ. ಚಾಲಕನ ಪಕ್ಕದಲ್ಲಿಟ್ಟಿದ್ದ ಮೀನಿನ ಬುಟ್ಟಿಯನ್ನು ಬೆನ್ನಿಗೇರಿಸಿಕೊಳ್ಳಲು ಟ್ರಾಮಿನ ಆ ಬದಿಗೆ ಹೋದರು, ಚಾಲಕ ಕೈಗೂಡಿಸಿದ. ಅಷ್ಟರಲ್ಲಿ ಟ್ರಾಮಿನ ಈ ಬದಿಯಿಂದ ಒಂದು ಮೋಟಾರ್‌ಸೈಕಲ್ ವಿಪರೀತ ವೇಗದಲ್ಲಿ ನುಗ್ಗಿ, ಐವತ್ತು ಅಡಿಯಷ್ಟು ಮುಂದೆ ತಿರುಗುತ್ತಿದ್ದ ಕಾರಿಗೆ ಗುದ್ದಿತು. ಸವಾರ ಸತ್ತ. ಆಕೆ ಅಪಘಾತವನ್ನು ಕಣ್ಣಾರೆ ಕಾಣಲಿಲ್ಲ, ಸದ್ದು ಕೇಳಿದರು ಅಷ್ಟೆ. ಹೆಣ ಸಾಗಿಸಿದ ಮೇಲೆ ರಸ್ತೆಯ ಮೇಲಿನ ರಕ್ತ ಕಂಡರು. ಆ ಆಘಾತದಿಂದ ಹಾಸಿಗೆ ಹಿಡಿದರು. ತಿಂಗಳೊಪ್ಪತ್ತಿನಲ್ಲಿ ಹುಟ್ಟಿದ ಮಗುವಿಗೆ ಜೀವವಿರಲಿಲ್ಲ.

ಸವಾರನ ಆಸ್ತಿಯಿಂದ ಪರಿಹಾರ ಕೊಡಿಸಿ ಎಂದು ಆಕೆ ನ್ಯಾಯಾಲಯಕ್ಕೆ ಹೋದರು. ತಪ್ಪು ಯಾರದೆಂಬುದರಲ್ಲಿ ಅನುಮಾನವೇ ಇರಲಿಲ್ಲ. ಸವಾರ ನಿರ್ಲಕ್ಷ್ಯದಿಂದ ಓಡಿಸಿದ್ದ, ಕಾರಿನವನಿಗೆ ಅವನಿಂದ ಅನ್ಯಾಯವಾಗಿತ್ತು. ಆದರೂ 1942ರಲ್ಲಿ ಬ್ರಿಟನ್ನಿನ ಅಂದಿನ ಅತ್ಯುನ್ನತ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್ ಆಕೆಯ ದಾವೆಯನ್ನು ಒಮ್ಮತದಿಂದ ತಳ್ಳಿಹಾಕಿತು. ‘ಬೋರ್‌ಹಿಲ್ ವಿರುದ್ಧ ಯಂಗ್’ ಎಂಬ ಈ ತೀರ್ಪನ್ನು ಕಾನೂನು ಓದುವವರು ಇಂದಿಗೂ ಓದುತ್ತಾರೆ. ಮೊದಲ ಸಲ ಓದಿದಾಗ ಕಲ್ಲೆದೆಯ ತೀರ್ಪು ಅನ್ನಿಸುವುದು ಸಹಜ. ಆದರೆ ನ್ಯಾಯಾಧೀಶರು ಅಲ್ಲಿ ಕೇಳಿಕೊಂಡ ಪ್ರಶ್ನೆಯೇ ಬೇರೆಯಾಗಿತ್ತು.

ಯಾರದೋ ಅಜಾಗರೂಕತೆಯಿಂದ ನಮಗೆ ನಷ್ಟವಾಯಿತು ಎಂದು ತೋರಿಸಿದ ಮಾತ್ರಕ್ಕೆ ಪರಿಹಾರ ಸಿಗುವುದಿಲ್ಲ. ಆ ಮನುಷ್ಯನಿಗೆ ನಮ್ಮ ವಿಷಯದಲ್ಲಿ ಎಚ್ಚರ ವಹಿಸುವ ಹೊಣೆ ಇತ್ತೇ ಎಂಬುದು ಮೊದಲು ಇತ್ಯರ್ಥವಾಗಬೇಕು. ಒಪ್ಪಂದ ಮಾಡಿಕೊಂಡವರ ನಡುವೆ ಇದು ಸುಲಭ, ಕಾಗದ ತೆಗೆದು ನೋಡಿದರಾಯಿತು. ರಸ್ತೆಯಲ್ಲಿ ಎದುರಾಗುವ ಅಪರಿಚಿತರ ನಡುವೆ ಕಾಗದವೂ ಇಲ್ಲ, ಮಾತೂ ಇಲ್ಲ.

ಇದಕ್ಕೆ ಮೊದಲ ಸಾಮಾನ್ಯ ಸೂತ್ರ ಸಿಕ್ಕಿದ್ದು 1932ರಲ್ಲಿ. ಸ್ಕಾಟ್ಲೆಂಡಿನದೇ ಪೈಸ್ಲಿ ಊರಿನ ಒಂದು ಕೆಫೆಯಲ್ಲಿ ಗೆಳತಿ ಕೊಡಿಸಿದ ಜಿಂಜರ್ ಬಿಯರ್ ಕುಡಿದ ಹೆಂಗಸು, ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂದು ದೂರಿ, ತಾನೆಂದೂ ಕಾಣದ ತಯಾರಕನ ಮೇಲೆ ದಾವೆ ಹೂಡಿದ್ದರು. ಲಾರ್ಡ್ ಅಟ್ಕಿನ್ ಅದರಲ್ಲಿ ಬೈಬಲ್ಲಿನ ‘ನೆರೆಯವ’ನನ್ನು ಕಾನೂನಿಗೆ ಎಳೆತಂದರು. ನಾನು ಒಂದು ಕೆಲಸ ಮಾಡುವಾಗ ಅದರ ಪೆಟ್ಟು ನೇರವಾಗಿ ಯಾರಿಗೆ ತಗಲೀತು ಎಂದು ನಾನು ಯೋಚಿಸಬೇಕಿತ್ತೋ ಅವರೇ ಕಾನೂನಿನ ಕಣ್ಣಿನಲ್ಲಿ ನನ್ನ ನೆರೆಯವರು. ಗುರುತು ಪರಿಚಯ ಬೇಕಿಲ್ಲ.

ಮೀನಿನ ಹೆಂಗಸಿನ ಪ್ರಕರಣದಲ್ಲಿ ಈ ಅಳತೆಯನ್ನೇ ಹಿಡಿದು ನೋಡಲಾಯಿತು. ಮೋಟಾರ್‌ಸೈಕಲ್ ಸವಾರನ ಮುಂದೆ ಇದ್ದವರು, ಪಕ್ಕದಲ್ಲಿದ್ದವರು, ರಸ್ತೆ ದಾಟುತ್ತಿದ್ದವರು ಅವನ ಲೆಕ್ಕದಲ್ಲಿ ಇರಬೇಕಿತ್ತು. ನಿಂತ ಟ್ರಾಮಿನ ಆಚೆ ಬದಿಯಲ್ಲಿ, ಮೈಗೆ ಯಾವ ಅಪಾಯವೂ ಇಲ್ಲದ ಜಾಗದಲ್ಲಿದ್ದ ಆಕೆ ಆ ಲೆಕ್ಕಕ್ಕೆ ಬರಲಿಲ್ಲ. ಕಾರಿನವನಿಗೆ ಆದ ಅನ್ಯಾಯವನ್ನು ಎರವಲು ಪಡೆದು ಆಕೆ ತನ್ನ ದಾವೆ ಕಟ್ಟುವಂತಿರಲಿಲ್ಲ. ಹೊಣೆ ಎಂಬುದು ಊರಿಗೆಲ್ಲ ಒಟ್ಟಾಗಿ ಇರುವುದಲ್ಲ, ಇಂಥವರಿಗೆ ಇಂಥವರು ಎಂದು ಪ್ರತ್ಯೇಕವಾಗಿ ಇರುವುದು. ಮಾನಸಿಕ ಆಘಾತದ ವಿಷಯದಲ್ಲಿ ಆಮೇಲಿನ ತೀರ್ಪುಗಳು ಒಂದಷ್ಟು ಉದಾರವಾಗಿವೆ. ಆದರೆ ಈ ಮೂಲಮಾತು ಬದಲಾಗಿಲ್ಲ.

ಯಾರು ಲೆಕ್ಕಕ್ಕೆ ಬರುತ್ತಾರೆ ಎಂಬುದನ್ನು ನ್ಯಾಯಾಲಯ ಹೇಗೆ ಅಳೆಯುತ್ತದೆ? ಊಹೆಯಿಂದಲೋ? ಲಂಡನ್ನಿನ ಒಂದು ಪ್ರಕರಣದಲ್ಲಿ ಇದಕ್ಕೆ ಬಹಳ ಸ್ಪಷ್ಟವಾದ ಉತ್ತರವಿದೆ. 1956ರಲ್ಲಿ ವಿದ್ಯುತ್ ಮಂಡಳಿಯ ಕೆಲಸಗಾರರು ಫುಟ್‌ಪಾತ್ ಅಗೆದಿದ್ದರು. ಹಾಗೆ ಅಗೆಯುವ ಅಧಿಕಾರ ಅವರಿಗಿತ್ತು. ಗುಂಡಿಯ ಕಡೆ ಯಾರೂ ಬಾರದಿರಲೆಂದು ಉದ್ದ ಹಿಡಿಯ, ಮಣ್ಣು ದಮ್ಮಸ್ಸು ಮಾಡುವ ಸುತ್ತಿಗೆಯೊಂದನ್ನು ಅಡ್ಡಲಾಗಿ ಓರೆಯಿಟ್ಟರು. ಹಿಡಿಯ ತುದಿ ಬೇಲಿಯ ಕಂಬಿಗೆ ಒರಗಿತ್ತು, ತಲೆ ನೆಲದ ಮೇಲಿತ್ತು. ಕಣ್ಣಿದ್ದವರಿಗೆ ಅಷ್ಟು ಸಾಕು. ಬೆಳಿಗ್ಗೆ ಕೆಲಸಕ್ಕೆ ಹೊರಟಿದ್ದ ಅಂಧರೊಬ್ಬರು ಬಿಳಿ ಕೋಲನ್ನು ಸರಿಯಾಗಿಯೇ ಆಡಿಸುತ್ತ ಬಂದರು. ಕೋಲು ಆ ಓರೆ ಹಿಡಿಗೆ ತಗಲಲಿಲ್ಲ, ಕಾಲು ತಗಲಿತು. ತಲೆಗೆ ಪೆಟ್ಟಾಗಿ ಅವರ ಕಿವಿಯೂ ಹೋಯಿತು.

ಕೆಳಗಿನ ನ್ಯಾಯಾಲಯಗಳು ದಾವೆ ವಜಾ ಮಾಡಿದವು. ಕಣ್ಣಿರುವ ಪಾದಚಾರಿಗೆ ಸಾಕಾಗುವಷ್ಟು ಎಚ್ಚರ ವಹಿಸಿದ್ದಾರೆ, ಅದಕ್ಕಿಂತ ಹೆಚ್ಚಿನ ಹೊಣೆ ಅವರಿಗಿಲ್ಲ ಎಂಬುದು ಆಗಿನ ತಿಳಿವಳಿಕೆ. 1964ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ತಿರುಗಿಸಿತು. ತಿರುಗಿಸಲು ಆಧಾರವಾದದ್ದು ಕನಿಕರವಲ್ಲ, ಸಾಕ್ಷ್ಯ. ಲಂಡನ್ನಿನಲ್ಲಿ ಸುಮಾರು 500 ಜನರಿಗೆ ಒಬ್ಬರು ಅಂಧರು ಎಂಬ ಅಂಕಿ ಮುಂದಿತ್ತು. ಅಂಧರು ಒಂಟಿಯಾಗಿ ಬೀದಿಯಲ್ಲಿ ಓಡಾಡುವುದು ಆ ನಗರದಲ್ಲಿ ಯಾರಿಗೂ ಅಚ್ಚರಿಯ ಸಂಗತಿಯಾಗಿರಲಿಲ್ಲ. ಅಂಚೆ ಇಲಾಖೆಯವರು ಇಂಥದೇ ಗುಂಡಿ ತೋಡುವಾಗ ಎರಡಡಿ ಎತ್ತರದ ಹಗುರ ಬೇಲಿ ನಿಲ್ಲಿಸುತ್ತಿದ್ದರು, ಅದು ಕೋಲಿಗೆ ತಗಲುತ್ತಿತ್ತು. ಅಂದರೆ ಅಂಧರು ಬರಬಹುದೆಂದು ಊಹಿಸುವುದೂ ಸಾಧ್ಯವಿತ್ತು, ತಡೆಯುವುದೂ ಅಗ್ಗವಾಗಿತ್ತು. ‘ಇಂಥವರು ಇಲ್ಲಿಗೆ ಬರುತ್ತಾರೆಂದು ನನಗೆ ಹೇಗೆ ಗೊತ್ತು?’ ಎಂಬ ವಾದಕ್ಕೆ ಅಂದಿನಿಂದ ಬೆಲೆ ಕಡಿಮೆಯಾಯಿತು. ಪ್ರತಿವಾದಿಗೆ ನಿಜವಾಗಿ ಹೊಳೆದಿತ್ತೇ ಎಂಬುದು ಮುಖ್ಯವಲ್ಲ. ಆ ಜಾಗದಲ್ಲಿ ವಿವೇಕವುಳ್ಳ ಯಾರಿಗಾದರೂ ಹೊಳೆಯಬೇಕಿತ್ತೇ ಎಂಬುದು ಮುಖ್ಯ.

ಅಂಗಡಿಯ ವಿಷಯದಲ್ಲಿ ಇಷ್ಟೆಲ್ಲ ಜಗ್ಗಾಟವಿಲ್ಲ. ಬಾಗಿಲು ತೆರೆದು ಗಿರಾಕಿಯನ್ನು ಒಳಗೆ ಕರೆದವನಿಗೆ ಅವರು ಕಾಲಿಡುವ ನೆಲದ ಹೊಣೆ ಇದೆ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲೇ ತೀರ್ಮಾನವಾದ ಮಾತು. ಗಿರಾಕಿ ಏನನ್ನೂ ಕೊಳ್ಳದೆ ಹೊರಟರೂ ಇದು ಬದಲಾಗದು. ಅಲ್ಲಿ ಜಗಳ ನಡೆಯುವುದು ಮುಂದಿನ ಮೆಟ್ಟಿಲಿನಲ್ಲಿ: ಹೊಣೆ ಇತ್ತು, ಅದನ್ನು ನಿಭಾಯಿಸಿದರೇ ಇಲ್ಲವೇ? ಲಿವರ್‌ಪೂಲಿನ ಸೂಪರ್‌ಮಾರ್ಕೆಟ್ ಒಂದರಲ್ಲಿ ಚೆಲ್ಲಿದ್ದ ಮೊಸರಿನ ಮೇಲೆ ಜಾರಿ ಬಿದ್ದ ಗಿರಾಕಿಯ ಪ್ರಕರಣದಲ್ಲಿ, ಅದು ಎಷ್ಟು ಹೊತ್ತಿನಿಂದ ಅಲ್ಲಿ ಬಿದ್ದಿತ್ತು ಎಂದು ಆಕೆಯೇ ತೋರಿಸಬೇಕಿಲ್ಲ, ನೆಲ ನೋಡಿಕೊಳ್ಳುವ ವ್ಯವಸ್ಥೆ ಸರಿಯಿತ್ತೆಂದು ಅಂಗಡಿಯವರೇ ತೋರಿಸಲಿ ಎಂದು 1976ರಲ್ಲಿ ಬಹುಮತದ ತೀರ್ಪು ಬಂತು. ವಾಹನ ಓಡಿಸುವವರದೂ ಹೀಗೆಯೇ. ರಸ್ತೆಯ ಉಳಿದ ಬಳಕೆದಾರರಿಗೆ ಚಾಲಕನ ಹೊಣೆ ಇದೆ ಎಂಬುದನ್ನು ಯಾವ ನ್ಯಾಯಾಲಯವೂ ಪ್ರತಿ ಸಲ ಮೊದಲಿನಿಂದ ಚರ್ಚಿಸುವುದಿಲ್ಲ.

ಹೀಗೆ ಮೊದಲೇ ಇತ್ಯರ್ಥವಾದ ಬಗೆಗಳಿಗೆ ನ್ಯಾಯಾಲಯಗಳು ಎಷ್ಟು ಮಹತ್ವ ಕೊಡುತ್ತವೆ ಎಂಬುದು ತೀರಾ ಈಚಿನ ಒಂದು ತೀರ್ಪಿನಲ್ಲಿ ಕಾಣುತ್ತದೆ. 2008ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಪೇಟೆಬೀದಿಯಲ್ಲಿ ಪೊಲೀಸರು ಮಾದಕವಸ್ತು ಮಾರುವವನೊಬ್ಬನನ್ನು ಹಿಡಿಯಲು ಹೊಂಚುಹಾಕಿದ್ದರು. ಅವನ ಮೈಮೇಲೆ ಬೀಳುವ ಹೊತ್ತಿಗೆ, ಎಪ್ಪತ್ತಾರರ ಹೊಸ್ತಿಲಲ್ಲಿದ್ದ ಅಜ್ಜಿಯೊಬ್ಬರು ಪಕ್ಕದಲ್ಲೇ ಹಾದುಹೋಗುತ್ತಿದ್ದರು. ತಳ್ಳಾಟದಲ್ಲಿ ಅಜ್ಜಿ ನೆಲಕ್ಕೆ ಬಿದ್ದರು, ಅವರ ಮೇಲೆ ಉಳಿದವರೆಲ್ಲ ಬಿದ್ದರು. ಪೊಲೀಸರಿಗೆ ಇಂಥ ಹೊಣೆ ಹೊರಿಸುವುದು ನ್ಯಾಯವೇ, ಯುಕ್ತವೇ ಎಂದು ಪ್ರತಿ ಪ್ರಕರಣದಲ್ಲೂ ತೂಗಿ ನೋಡಬೇಕೆಂಬ ವಾದ ಕೆಳಗಿನ ನ್ಯಾಯಾಲಯಗಳಲ್ಲಿ ನಡೆದು ಅಜ್ಜಿ ಸೋತರು.

2018ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅಜ್ಜಿಯ ಪರ ನಿಂತಿತು. ತೀರ್ಪು ಬರೆದ ಲಾರ್ಡ್ ರೀಡ್ ಒಂದು ಕ್ರಮವನ್ನು ನೆನಪಿಸಿದರು. ಹಳೆಯ ತೀರ್ಪುಗಳಲ್ಲಿ ಹೊಣೆ ಆಗಲೇ ಸ್ಥಿರಪಟ್ಟಿದ್ದರೆ ಹೊಸದಾಗಿ ತೂಗುವ ಗೊಡವೆಯೇ ಬೇಡ. ನಿಜಕ್ಕೂ ಹೊಸ ಬಗೆಯ ಪ್ರಶ್ನೆ ಬಂದಾಗ ಮಾತ್ರ ಹತ್ತಿರದ ತೀರ್ಪುಗಳನ್ನು ಹೋಲಿಸಿ, ಒಂದೊಂದೇ ಹೆಜ್ಜೆ ಮುಂದಿಡಬೇಕು. ತನ್ನದೇ ಕೃತ್ಯದಿಂದ ಇನ್ನೊಬ್ಬರ ಮೈಗೆ ಪೆಟ್ಟಾದೀತೆಂದು ಕಾಣುವಂತಿದ್ದರೆ ಹೊಣೆ ಇದ್ದೇ ಇದೆ, ಖಾಕಿ ತೊಟ್ಟರೂ ಅಷ್ಟೆ. ಕಳ್ಳನಿಂದ ಅಜ್ಜಿಯನ್ನು ಕಾಪಾಡಲಿಲ್ಲ ಎಂಬುದು ದೂರಾಗಿದ್ದರೆ ಉತ್ತರ ಬೇರೆ ಇರುತ್ತಿತ್ತು. ಆದರೆ ಅಪಾಯ ತಂದವರೇ ಪೊಲೀಸರು, ಹಿಡಿಯುವ ಗಳಿಗೆ ಆರಿಸಿದವರೂ ಅವರೇ.

ಮಾಡಿದ್ದಕ್ಕೂ ಮಾಡದೆ ಬಿಟ್ಟಿದ್ದಕ್ಕೂ ಇರುವ ಈ ಅಂತರ ಇಡೀ ವಿಷಯದ ಬೆನ್ನೆಲುಬು. ಕೆರೆಯಲ್ಲಿ ಮುಳುಗುತ್ತಿರುವ ಅಪರಿಚಿತನನ್ನು ದಡದಲ್ಲಿ ನಿಂತು ನೋಡಿದವನ ಮೇಲೆ ಈ ಕಾನೂನಿನಡಿ ದಾವೆ ಹಾಕಲಾಗದು, ಅವನನ್ನು ನೂಕಿದವನ ಮೇಲೆ ಹಾಕಬಹುದು. ಇದು ನೀತಿಗೆ ಒಗ್ಗುವ ಮಾತಲ್ಲ, ನಿಜ. ಆದರೆ ದಡದಲ್ಲಿದ್ದ ಐವತ್ತು ಜನರಲ್ಲಿ ಯಾರ ಮೇಲೆ ಎಂದು ಕೇಳಿದರೆ ಯಾವ ನ್ಯಾಯಾಧೀಶರಿಗೂ ಉತ್ತರ ಹೇಳುವುದು ಕಷ್ಟ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಒಂದು ಸಂಹಿತೆಯಿಲ್ಲ, ಇಂಗ್ಲಿಷ್ ತೀರ್ಪುಗಳ ಜಾಡನ್ನೇ ಹಿಡಿದು ನಮ್ಮ ನ್ಯಾಯಾಲಯಗಳು ನಡೆದಿವೆ. ಆ ಜಾಡು ಇಲ್ಲಿ ಎರಡು ದಿಕ್ಕಿಗೆ ಹೋದದ್ದೂ ಇದೆ. ದೆಹಲಿಯ ಚಾಂದನಿ ಚೌಕದಲ್ಲಿ ನಗರಸಭೆಯ ಗಡಿಯಾರದ ಗೋಪುರ ಕುಸಿದು ಜನ ಸತ್ತರು. ಗೋಪುರಕ್ಕೆ 80 ವರ್ಷ ವಯಸ್ಸಾಗಿತ್ತು, ಅದರ ಗಾರೆಯ ಆಯುಸ್ಸು 40–45 ವರ್ಷವೆಂದು ಎಂಜಿನಿಯರು ಸಾಕ್ಷ್ಯ ನುಡಿದರು. ಹೊರಗಿನಿಂದ ದೋಷ ಕಾಣಲಿಲ್ಲ ಎಂಬ ಸಮಜಾಯಿಷಿ ನಡೆಯಲಿಲ್ಲ. ರಸ್ತೆ ಪಕ್ಕದ ಕಟ್ಟಡದ ಒಡೆಯ ಆಗಾಗ ಪರೀಕ್ಷಿಸಿ ನೋಡಬೇಕು, ಕಾಣದ ದೋಷಕ್ಕೂ ಅವನೇ ಹೊಣೆ ಎಂದು 1966ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಗುಜರಾತಿನ ರಾಜಕೋಟೆಯಲ್ಲಿ 1975ರಲ್ಲಿ ಕಚೇರಿಗೆ ನಡೆದುಹೋಗುತ್ತಿದ್ದ ನೌಕರನ ಮೇಲೆ ರಸ್ತೆ ಬದಿಯ ಮರ ಉರುಳಿತು, ಅವನು ಉಳಿಯಲಿಲ್ಲ. ಕೆಳಗಿನ ನ್ಯಾಯಾಲಯ ಅವನ ಹೆಂಡತಿಗೆ 45,000 ರೂಪಾಯಿ ಕೊಡಿಸಿತ್ತು, ಹೈಕೋರ್ಟೂ ಎತ್ತಿಹಿಡಿದಿತ್ತು. 1997ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಮರ ಕಟ್ಟಿದ್ದಲ್ಲ, ಬೆಳೆದದ್ದು. ಅದು ಬೀಳುವ ಸ್ಥಿತಿಯಲ್ಲಿದೆ ಎಂದು ಪಾಲಿಕೆಗೆ ಗೊತ್ತಿತ್ತೆನ್ನಲು ಸಾಕ್ಷ್ಯವಿರಲಿಲ್ಲ. ಊರಿನ ಪ್ರತಿ ಮರದ ಆರೋಗ್ಯವನ್ನೂ ಸದಾ ಪರೀಕ್ಷಿಸುತ್ತಿರುವ ಮಟ್ಟಕ್ಕೆ ಇಲ್ಲಿನ ಪರಿಸ್ಥಿತಿ ಇನ್ನೂ ಬೆಳೆದಿಲ್ಲ ಎಂದೂ ತೀರ್ಪು ಹೇಳಿತು. ಮೊದಲ ಕಾರಣವನ್ನು ಒಪ್ಪಬಹುದು. ಕೊನೆಯದು ನನಗೆ ಒಗ್ಗುವುದಿಲ್ಲ. ದೇಶ ಬಡದೆಂಬ ಕಾರಣಕ್ಕೆ ಹೊಣೆಯ ಗಾತ್ರ ಕುಗ್ಗುವುದಾದರೆ, ಬಡತನದ ನಷ್ಟವನ್ನು ದಾರಿಹೋಕನ ಹೆಂಡತಿಯೊಬ್ಬಳೇ ಹೊತ್ತಂತಾಗುತ್ತದೆ.

ಎರಡೂ ತೀರ್ಪುಗಳು ಇಂದಿಗೂ ಉಲ್ಲೇಖಗೊಳ್ಳುತ್ತವೆ, ಎರಡರ ನಡುವಿನ ಜಾಗದಲ್ಲೇ ನಮ್ಮ ಬೀದಿಗಳ ಬಹುಪಾಲು ಪ್ರಕರಣಗಳು ನಿಲ್ಲುತ್ತವೆ. ಹಾಗಾಗಿ ಬಿದ್ದ ಕೊಂಬೆಯ ಬಗ್ಗೆ ದಾವೆ ಹೂಡಬೇಕೆಂದು ಬಂದವರನ್ನು ವಕೀಲರು ಕೇಳಬೇಕಾದ ಮೊದಲ ಪ್ರಶ್ನೆ ಪೆಟ್ಟಿನ ಬಗ್ಗೆ ಅಲ್ಲ: ಆ ಮರ ಒಣಗಿದೆ ಎಂದು ಮೊದಲೇ ಯಾರಾದರೂ ಪಾಲಿಕೆಗೆ ಬರೆದುಕೊಟ್ಟಿದ್ದರೇ, ಆ ಅರ್ಜಿಗೆ ಮುದ್ರೆ ಬಿದ್ದ ಸ್ವೀಕೃತಿ ಇದೆಯೇ ಎಂಬುದು.