ರಸೀದಿಯಲ್ಲಿ ಅಚ್ಚಾಗದ ಸಾಲು

ದುಬೈಯಲ್ಲಿರುವ ಭಾವ ದುಡ್ಡು ಕಳಿಸಿದ ಕೂಡಲೇ ರಸೀದಿಯ ಫೋಟೊ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ಕುಂದಾಪುರದಲ್ಲಿ ಅಕ್ಕ ಅದರಲ್ಲಿ ನೋಡುವುದು ರೂಪಾಯಿಯ ಸಾಲೊಂದನ್ನೇ. ಮೊನ್ನೆ ಮಾತ್ರ ಫೋನನ್ನು ನನ್ನ ಕೈಗಿತ್ತು, ‘ಕಮಿಷನ್ ಎಷ್ಟ್ ಹೋಯ್ತ್ ಕಾಂಬ’ ಅಂದಳು.

ಕಳಿಸಿದ್ದು 2,000 ದಿರ್ಹಾಂ. ಶುಲ್ಕ 20, ಅದರ ಮೇಲೆ ಅಲ್ಲಿನ ಶೇ 5ರ ವ್ಯಾಟ್ 1. ಭಾವ ಕೌಂಟರಿನಲ್ಲಿ ಕೊಟ್ಟದ್ದು ಒಟ್ಟು 2,021. ಕೈಸೇರುವ ಮೊತ್ತ 45,300 ರೂಪಾಯಿ. ದರದ ಸಾಲು ಮಸುಕಾಗಿತ್ತು: 22.65 ಇರಬಹುದು, 22.85 ಇರಬಹುದು. ಕಣ್ಣು ಕಿರಿದು ಮಾಡಿ ನೋಡುವ ಬದಲು 45,300ನ್ನು 2,000ದಿಂದ ಭಾಗಿಸಿದರಾಯಿತು, 22.65 ಬರುತ್ತದೆ. ಕೆಲವು ರಸೀದಿಗಳಲ್ಲಿ ದರ ತಲೆಕೆಳಗಾಗಿ, ಒಂದು ರೂಪಾಯಿಗೆ 0.0442 ದಿರ್ಹಾಂ ಎಂದಿರುತ್ತದೆ. ದಶಾಂಶ ಅಲ್ಲಿಗೇ ತುಂಡಾಗಿರುವುದರಿಂದ ಅದನ್ನು ಹಿಡಿದು ಲೆಕ್ಕ ಹಾಕಿದರೆ ಇದೇ ಹಣಕ್ಕೆ ಐವತ್ತು ರೂಪಾಯಿ ತಪ್ಪುತ್ತದೆ. ಆಗಲೂ ಭಾಗಾಕಾರವೇ ಗಟ್ಟಿ.

ಹಾಗಾದರೆ ಕಮಿಷನ್ 21 ದಿರ್ಹಾಂ ಮಾತ್ರವೇ? ಅಲ್ಲ. ಇನ್ನೊಂದು ಪಾಲು ದರದೊಳಗೇ ಕೂತಿದೆ, ಅದಕ್ಕೆ ರಸೀದಿಯಲ್ಲಿ ಸಾಲಿಲ್ಲ. ಅದೃಷ್ಟಕ್ಕೆ ಯುಎಇ ದಿರ್ಹಾಂ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿದ ನಾಣ್ಯ. ಹಾಗಾಗಿ ಆ ದಿನದ ಡಾಲರ್ ದರ ಗೊತ್ತಿದ್ದರೆ ದಿರ್ಹಾಂನದೂ ಗೊತ್ತಾದಂತೆ. ಎಫ್‌ಬಿಐಎಲ್ ಸಂಸ್ಥೆ ವ್ಯವಹಾರದ ದಿನಗಳಲ್ಲಿ ಡಾಲರಿನ ಉಲ್ಲೇಖ ದರ ಪ್ರಕಟಿಸುತ್ತದೆ. ಅದು 84 ರೂಪಾಯಿ ಎಂದಿಟ್ಟುಕೊಳ್ಳಿ. 3.6725ರಿಂದ ಭಾಗಿಸಿದರೆ ದಿರ್ಹಾಂಗೆ 22.87. ಭಾವನಿಗೆ ಸಿಕ್ಕಿದ್ದು 22.65. ದಿರ್ಹಾಂ ಒಂದಕ್ಕೆ 22 ಪೈಸೆ ಕಡಿಮೆ, 2,000ಕ್ಕೆ 440 ರೂಪಾಯಿ. ಶುಲ್ಕ, ವ್ಯಾಟ್ ಸೇರಿದ 21 ದಿರ್ಹಾಂ ಎಂದರೆ ಸುಮಾರು 480 ರೂಪಾಯಿ. ಕಾಣುವ ಖರ್ಚಿನಷ್ಟೇ ಹೆಚ್ಚುಕಮ್ಮಿ ಕಾಣದ ಖರ್ಚೂ ಇದೆ!

ಆ 440ನ್ನು ಪೈಸೆ ಬಿಡದೆ ನಂಬಬೇಡಿ. ಉಲ್ಲೇಖ ದರ ದಿನಕ್ಕೊಂದು, ಮಾರುಕಟ್ಟೆ ನಿಮಿಷಕ್ಕೊಂದು. ರಸೀದಿಯ ಸಮಯವನ್ನೂ ನೋಡಿಕೊಳ್ಳಬೇಕು. ನಾಲ್ಕೈದು ಪೈಸೆಯ ವ್ಯತ್ಯಾಸಕ್ಕೆ ಯಾರನ್ನೂ ದೂರಲಾಗದು, ಇಪ್ಪತ್ತು ದಾಟಿದರೆ ಅದು ಅಂಗಡಿಯ ಲಾಭವೇ ಇರಬೇಕು. ಇನ್ನು ಪಾಸ್‌ಬುಕ್ಕಿನಲ್ಲಿ 45,300ಕ್ಕಿಂತ ಕಡಿಮೆ ಜಮೆಯಾಗಿದ್ದರೆ ಆ ಕಡಿತ ದಾರಿಯಲ್ಲೋ ಇಲ್ಲಿನ ಬ್ಯಾಂಕಿನಲ್ಲೋ ಆದದ್ದು. ದರದ ಲೆಕ್ಕಕ್ಕೆ ಅದನ್ನು ಬೆರೆಸಬಾರದು.

‘ಶುಲ್ಕವೇ ಇಲ್ಲ ಅಂತ ಬೋರ್ಡ್ ಹಾಕಿದ ಅಂಗಡಿ ಪಕ್ಕದಲ್ಲೇ ಇತ್ತಂತಲ್ಲ?’ ಅಕ್ಕ ಬಿಡಲಿಲ್ಲ. ಭಾವನಿಗೆ ಫೋನ್ ಮಾಡಿದೆವು. ಅಲ್ಲಿನ ದರ 22.40 ಇತ್ತಂತೆ. ಜೇಬಿನಿಂದ ಹೋದ 2,021 ದಿರ್ಹಾಂ ಅಷ್ಟನ್ನೂ ಅದರಿಂದ ಗುಣಿಸಿದೆ: 45,270. ಶುಲ್ಕ ಕೊಟ್ಟು ಕಳಿಸಿದ್ದಕ್ಕಿಂತ ಮೂವತ್ತು ರೂಪಾಯಿ ಕಡಿಮೆ.